ಹೊಂಜಿನೊಳಗೆ ಹೊಗೆಯೂ ಮಂಜೂ ಕಾಣಬೇಕು

ಪ್ರತಿ ಚಳಿಗಾಲದಲ್ಲೂ ದೆಹಲಿಯ ಗಾಳಿ ಕೆಟ್ಟಿತೆಂಬ ಸುದ್ದಿ ಬರುತ್ತದೆ. ಕನ್ನಡ ಪತ್ರಿಕೆಗಳು ಆ ಸುದ್ದಿಯನ್ನು ಹೇಳಲು ಮೂರು ಬೇರೆ ಬೇರೆ ಪದಗಳನ್ನು ಬಳಸುವುದುಂಟು. ಒಂದರಲ್ಲಿ ದೆಹಲಿಯನ್ನು 'ಸ್ಮಾಗ್' ಕವಿದಿರುತ್ತದೆ, ಇನ್ನೊಂದರಲ್ಲಿ 'ಹೊಗೆಮಂಜು', ಮತ್ತೊಂದರಲ್ಲಿ 'ಹೊಂಜು'. ವಸ್ತು ಒಂದೇ, ಹೆಸರು ಮೂರು. ಮೊದಲನೆಯದು ಇಂಗ್ಲಿಷಿನಿಂದ ಇಡಿಯಾಗಿ ತಂದದ್ದು, ಎರಡನೆಯದು ಎರಡು ಕನ್ನಡ ಪದಗಳ ಸಮಾಸ, ಮೂರನೆಯದು ಅವೇ ಎರಡು ಪದಗಳನ್ನು ಕತ್ತರಿಸಿ ಬೆಸೆದದ್ದು. ಯಾವುದನ್ನು ಬಳಸಿದರೇನು ಎಂದು ಉದಾಸೀನ ಮಾಡುವಂತಿಲ್ಲ. ಮಗನೋ ಮಗಳೋ ದೆಹಲಿಯಲ್ಲಿ ನೌಕರಿ ಮಾಡುತ್ತಿರುವಾಗ ಇಲ್ಲಿ ಪತ್ರಿಕೆ ಓದುವ ತಾಯಿಗೆ ಆ ಪದದಿಂದ ಅಪಾಯದ ಸ್ವರೂಪ ತಿಳಿಯಬೇಕು. ತಿಳಿಯುವುದೋ ಇಲ್ಲವೋ ಎಂಬುದು ಆಕೆ ಆ ಪದವನ್ನು ಬಿಡಿಸಿಕೊಳ್ಳಬಲ್ಲಳೇ ಎಂಬುದನ್ನು ಅವಲಂಬಿಸಿದೆ.

ಪದ ಬಿಡಿಸುವ ವಿದ್ಯೆ ನಮಗೆ ಹೊಸದಲ್ಲ. ಶಾಲೆಯಲ್ಲಿ ವಿಗ್ರಹವಾಕ್ಯ ಬರೆದವರಿಗೆಲ್ಲ 'ಗಿಡಮರ' ಎಂದರೆ ಗಿಡವೂ ಮರವೂ, 'ಹೆಮ್ಮರ' ಎಂದರೆ ಹಿರಿದಾದ ಮರ, 'ಮುಂಗೈ' ಎಂದರೆ ಕೈಯ ಮುಂದು ಎಂಬುದು ಗೊತ್ತು. ಇಲ್ಲಿ ಹಿರಿದು 'ಹೆ' ಆಗಿದೆ, ಮುಂದು 'ಮುಂ' ಆಗಿದೆ. ಪೂರ್ವಪದ ಸವೆದಿರುವುದು ನಿಜ. ಆದರೆ ಉತ್ತರಪದ ಬಹುತೇಕ ಇಡಿಯಾಗಿ ಉಳಿಯುತ್ತದೆ. ಸವೆದ ಪೂರ್ವಪದವೂ ಹೆಬ್ಬಾಗಿಲು, ಹೆದ್ದಾರಿ, ಮುಂಗಾರು, ಮುಂಗಡ ಎಂದು ಹತ್ತಾರು ಕಡೆ ಅದೇ ರೂಪದಲ್ಲಿ ಎದುರಾಗುವುದರಿಂದ ಗುರುತು ಸಿಕ್ಕೇ ಸಿಗುತ್ತದೆ. ಆದ್ದರಿಂದ ಸಮಾಸದಲ್ಲಿ ವಿಗ್ರಹವೆಂಬುದು ನಿಯಮದ ಕೆಲಸ; ಊಹೆಗೆ ಅಲ್ಲಿ ಹೆಚ್ಚು ಜಾಗವಿಲ್ಲ.

ಇಂಗ್ಲಿಷಿನ ಬ್ರಂಚ್, ಸ್ಮಾಗ್, ಮೋಟೆಲ್‌ಗಳು ಈ ಜಾತಿಯವಲ್ಲ. ಇಲ್ಲಿ ಕತ್ತರಿ ಎರಡೂ ಪದಗಳ ಮೇಲೆ ಬೀಳುತ್ತದೆ. ಒಂದರ ತಲೆಯನ್ನೂ ಇನ್ನೊಂದರ ಬಾಲವನ್ನೂ ಇಟ್ಟುಕೊಂಡು ಉಳಿದದ್ದನ್ನು ಎಸೆಯಲಾಗುತ್ತದೆ. ಇವನ್ನು ಬೆಸುಗೆ ಪದಗಳೆಂದು ಕರೆಯೋಣ. ಇಂಗ್ಲಿಷಿನಲ್ಲಿ ಇವಕ್ಕೆ 'ಪೋರ್ಟ್‌ಮಾಂಟೋ' ಎಂಬ ಹೆಸರು ಬಂದದ್ದು ಲೂಯಿಸ್ ಕ್ಯಾರೊಲ್‌ನಿಂದ. 1871ರ ಕೊನೆಯಲ್ಲಿ ಹೊರಬಂದ ಆಲಿಸ್‌ಳ ಎರಡನೆಯ ಕಥೆಯಲ್ಲಿ ಹಂಪ್ಟಿ ಡಂಪ್ಟಿ ಎಂಬ ಮೊಟ್ಟೆಯಾಕಾರದ ಪಾತ್ರ, ಎರಡು ಅರ್ಥಗಳನ್ನು ಒಂದರಲ್ಲಿ ತುಂಬಿದ ಪದವನ್ನು ಎರಡು ಮಡಿಕೆಯಾಗಿ ತೆರೆಯುವ ಪ್ರಯಾಣದ ಪೆಟ್ಟಿಗೆಗೆ ಹೋಲಿಸುತ್ತದೆ. ಅದು ಕೊಡುವ ಉದಾಹರಣೆ 'ಸ್ಲೈದಿ'. ಬಳುಕುವ ಎಂಬರ್ಥದ 'ಲೈದ್', ಲೋಳೆಯಂಥ ಎಂಬರ್ಥದ 'ಸ್ಲೈಮಿ' ಎರಡೂ ಅದರಲ್ಲಿವೆಯಂತೆ. ಸ್ವಾರಸ್ಯವೆಂದರೆ ಇದು ಯಾರೂ ತಾವಾಗಿ ಬಿಡಿಸಬಹುದಾದ ಪದವಲ್ಲ. 'ಸ್ಲೈಮಿ'ಯೇ ತಲೆಯನ್ನೂ ಬಾಲವನ್ನೂ ಕೊಟ್ಟು 'ಲೈದ್' ನಡುವೆ ಹುದುಗಿಕೊಂಡಿದೆ. ಹೀಗಾಗಿ ಪದವನ್ನು ಆಲಿಸ್‌ಗೆ ಬಿಡಿಸಿ ಹೇಳಲು ಇನ್ನೊಬ್ಬ ಬೇಕಾಯಿತು. ಪೆಟ್ಟಿಗೆಯ ಬೀಗದ ಕೈ ಮಾಡಿದವನ ಬಳಿಯೇ ಉಳಿದರೆ ಅದು ಚಮತ್ಕಾರವಾದೀತು, ಊರೆಲ್ಲ ಬಳಸುವ ಪದವಾಗುವುದು ಕಷ್ಟ.

ಬ್ರಂಚ್ ಊರೆಲ್ಲ ಬಳಸುವ ಪದವಾಯಿತು. ಅದರ ಕಥೆಯಲ್ಲಿ ನಮಗೊಂದು ಪಾಠವಿದೆ. 1895ರಲ್ಲಿ ಗೈ ಬೆರಿಂಜರ್ ಎಂಬ ಇಂಗ್ಲಿಷ್ ಲೇಖಕ, ತಡವಾಗಿ ಎದ್ದ ಭಾನುವಾರದಂದು ಬೆಳಗಿನ ಉಪಾಹಾರವನ್ನೂ ಮಧ್ಯಾಹ್ನದ ಊಟವನ್ನೂ ಒಂದಾಗಿಸುವ ಸಲಹೆಯೊಂದಿಗೆ ಈ ಪದವನ್ನು ಅಚ್ಚಿಗೆ ತಂದ. ಮರುವರ್ಷ 'ಪಂಚ್' ಪತ್ರಿಕೆ ಇನ್ನೊಂದು ಸೂಕ್ಷ್ಮವನ್ನು ವರದಿ ಮಾಡಿತು. ಆಕ್ಸ್‌ಫರ್ಡಿನಲ್ಲಿ ಈ ಜೋಡಿ ಊಟ ಉಪಾಹಾರದ ಹೊತ್ತಿಗೆ ಹತ್ತಿರವಾದರೆ 'ಬ್ರಂಚ್', ಮಧ್ಯಾಹ್ನಕ್ಕೆ ಹತ್ತಿರವಾದರೆ 'ಬ್ಲಂಚ್' ಎನ್ನುತ್ತಿದ್ದರಂತೆ. ಬ್ರಂಚ್ ಉಳಿಯಿತು, ಬ್ಲಂಚ್ ಅಳಿಯಿತು. ಏಕೆಂಬುದನ್ನು ಯಾರೂ ದಾಖಲಿಸಿಲ್ಲವಾದರೂ ಕಾರಣವನ್ನು ತರ್ಕಿಸಬಹುದು. ಬ್ಲಂಚ್‌ನಲ್ಲಿ 'ಲಂಚ್' ಇಡಿಯಾಗಿದೆ, ಆದರೆ 'ಬ್ರೇಕ್‌ಫಾಸ್ಟ್'ಗೆ ಉಳಿದದ್ದು ಬರೀ ಒಂದು 'ಬ್'. ಆ ಒಂದು ವ್ಯಂಜನದಿಂದ ಆರಂಭವಾಗುವ ಪದಗಳು ಸಾವಿರಾರು. 'ಬ್ರ್' ಎಂದಾಗ ಆ ಗುಂಪು ಬಹಳ ಕಿರಿದಾಗುತ್ತದೆ. ಅದರಲ್ಲಿ ಊಟಕ್ಕೆ ಸಂಬಂಧಿಸಿದವು ಇನ್ನೂ ಕಡಿಮೆ. ಬೆಸುಗೆ ಪದದ ಆಯುಷ್ಯ ಅದರ ಚಂದಕ್ಕಿಂತ ಹೆಚ್ಚಾಗಿ ಅದು ಬಿಟ್ಟುಹೋಗುವ ಸುಳಿವುಗಳ ಮೇಲೆ ನಿಂತಿರುತ್ತದೆ ಎಂಬುದು ಇದರಿಂದ ಹೊಳೆಯುತ್ತದೆ.

ಹಾಗಾದರೆ ಅಪರಿಚಿತ ಬೆಸುಗೆ ಪದ ಎದುರಾದಾಗ ಸುಳಿವು ಹುಡುಕುವುದು ಹೇಗೆ? ಶಾಲೆಗಳಲ್ಲಿ ಇವುಗಳ ಪಟ್ಟಿ ಮಾಡಿ ಬಾಯಿಪಾಠ ಮಾಡಿಸುವುದುಂಟು. ಪಟ್ಟಿಯಲ್ಲಿಲ್ಲದ ಪದ ಬಂದಾಗ ಆ ಪಾಠ ನೆರವಾಗುವುದಿಲ್ಲ. ಕ್ರಮವಾಗಿ ಹೋದರೆ ಮಾತ್ರ ದಾರಿಯಿದೆ. ಬಹುಪಾಲು ಬೆಸುಗೆಗಳಲ್ಲಿ ತಲೆ ಮೊದಲ ಪದದ್ದು, ಬಾಲ ಎರಡನೆಯದರದ್ದು ಎಂಬುದು ಮೊದಲ ಹಿಡಿಕೆ. ಇಡೀ ಪದದ ಉಚ್ಚಾರದ ಅಳತೆ ಸಾಮಾನ್ಯವಾಗಿ ಎರಡನೆಯ ಪದದ ಅಳತೆಯನ್ನೇ ಹೋಲುತ್ತದೆ ಎಂಬುದು ಎರಡನೆಯದು. ಬ್ರಂಚ್ ಲಂಚ್‌ನಂತೆ ಒಂದೇ ಉಸಿರಿನದು, ಮೋಟೆಲ್ ಹೋಟೆಲ್‌ನಂತೆ ಎರಡರದು. ಇಂಗ್ಲಿಷರ ಬಾಯಲ್ಲಿ ಒತ್ತು ಕೂಡ ಹೋಟೆಲ್‌ನಲ್ಲಿ ಬೀಳುವ ಜಾಗದಲ್ಲೇ ಬೀಳುತ್ತದೆ. ಆದ್ದರಿಂದ ಹುಡುಕಾಟವನ್ನು ಬಾಲದಿಂದ ಆರಂಭಿಸಬೇಕು. ಪದದ ಮೊದಲ ವ್ಯಂಜನಗಳನ್ನು ತೆಗೆದು ಉಳಿದುದಕ್ಕೆ ಬೇರೆ ಬೇರೆ ವ್ಯಂಜನಗಳನ್ನು ಹಚ್ಚಿ ನೋಡುತ್ತಾ ಹೋದರೆ ಎರಡನೆಯ ಪದ ಸಿಗುತ್ತದೆ. ಅದು ಸಿಕ್ಕ ಬಳಿಕ, ಅದೇ ಲೋಕಕ್ಕೆ ಸೇರಿದ ಯಾವ ಪದ ಆ ತಲೆಯಿಂದ ಆರಂಭವಾಗುತ್ತದೆ ಎಂದು ಕೇಳಿಕೊಳ್ಳಬೇಕು.

ಸ್ಮಾಗ್ ಪದವನ್ನು ಹೀಗೆ ಬಿಡಿಸಿ ನೋಡೋಣ. 'ಸ್ಮ್' ತೆಗೆದರೆ ಉಳಿಯುವುದು 'ಆಗ್'. ಅದಕ್ಕೆ ವ್ಯಂಜನಗಳನ್ನು ಹಚ್ಚಿದರೆ ಡಾಗ್, ಫ್ರಾಗ್, ಲಾಗ್, ಹಾಗ್, ಫಾಗ್ ಎಂದು ಐದಾರು ಪದಗಳು ಥಟ್ಟನೆ ಬರುತ್ತವೆ: ನಾಯಿ, ಕಪ್ಪೆ, ಮರದ ದಿಮ್ಮಿ, ಹಂದಿ, ಮಂಜು. ಅತ್ತ 'ಸ್ಮ್' ಎಂದು ಆರಂಭವಾಗುವ ಪರಿಚಿತ ಪದಗಳು ಸ್ಮೋಕ್, ಸ್ಮೆಲ್, ಸ್ಮಾಲ್, ಸ್ಮಾರ್ಟ್, ಸ್ಮೈಲ್. ಐದಕ್ಕೆ ಐದು ಕೂಡಿಸಿದರೆ 25 ಜೋಡಿಗಳು. ಸಣ್ಣ ನಾಯಿ, ನಗುವ ಕಪ್ಪೆ, ನಾರುವ ಹಂದಿ ಎಲ್ಲವೂ ಆಕಾರದ ದೃಷ್ಟಿಯಿಂದ ಸಾಧ್ಯವೇ. ಆದರೆ ಬೆಸುಗೆ ಪದದ ಎರಡು ಮೂಲಗಳು ಸಾಮಾನ್ಯವಾಗಿ ಒಂದೇ ಲೋಕದ ನೆರೆಹೊರೆಯವು. ಗಾಳಿಯಲ್ಲಿ ತೇಲುವ, ಕಣ್ಣಿಗೆ ಅಡ್ಡ ಬರುವ ವಸ್ತುಗಳು ಎರಡೂ ಸಾಲಿನಲ್ಲಿ ಒಂದೊಂದೇ ಇವೆ: ಸ್ಮೋಕ್ ಮತ್ತು ಫಾಗ್. ವಾಕ್ಯದಲ್ಲಿ ನಗರದ ಗಾಳಿಯ ಮಾತು ಇದ್ದರೆ ಉಳಿದ 24 ಜೋಡಿಗಳು ತಾವಾಗಿ ಉದುರಿಹೋಗುತ್ತವೆ. 1905ರಲ್ಲಿ ಲಂಡನ್ನಿನ ಸಾರ್ವಜನಿಕ ಆರೋಗ್ಯ ಸಮ್ಮೇಳನವೊಂದರಲ್ಲಿ ಡಾ. ಹೆನ್ರಿ ಡೆ ವೊ ಈ ಪದವನ್ನು ಬಳಸಿದಾಗ ಅದು ಕೂಡಲೇ ಹರಡಲು ಇದೂ ಒಂದು ಕಾರಣ. ಕಲ್ಲಿದ್ದಲಿನ ಹೊಗೆಯನ್ನೂ ಚಳಿಗಾಲದ ಮಂಜನ್ನೂ ದಿನವೂ ಒಟ್ಟಿಗೇ ಉಸಿರಾಡುತ್ತಿದ್ದವರಿಗೆ ಪದವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮೋಟೆಲ್‌ನಲ್ಲಿ ಇನ್ನೊಂದು ಬಗೆಯ ಸುಳಿವಿದೆ. 1925ರಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಲೂಯಿಸ್ ಒಬಿಸ್ಪೋ ಎಂಬಲ್ಲಿ, ಲಾಸ್ ಏಂಜಲಿಸ್ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ನಡುವಣ ದಾರಿಯಲ್ಲಿ, ಕಾರಿನಲ್ಲಿ ಪಯಣಿಸುವವರಿಗಾಗಿ ಆರ್ಥರ್ ಹೈನ್‌ಮನ್ ಎಂಬ ವಾಸ್ತುಶಿಲ್ಪಿ ತಂಗುದಾಣವೊಂದನ್ನು ತೆರೆದ. ಅದರ ಹೆಸರಿನಲ್ಲಿ 'ಮೋ-ಟೆಲ್' ಎಂದು ನಡುವೆ ಅಡ್ಡಗೆರೆ ಎಳೆದಿತ್ತು. ಪದವನ್ನು ಹುಟ್ಟಿಸಿದವನೇ ಬೆಸುಗೆಯ ಜಾಗವನ್ನು ದಾರಿಹೋಕರಿಗೆ ತೋರಿಸಿದಂತಾಯಿತು. ವಾಸ್ತವವಾಗಿ ಆ ಗೆರೆ ಅನಗತ್ಯವಾಗಿತ್ತು. ಮೋಟಾರ್, ಹೋಟೆಲ್ ಎರಡರಲ್ಲೂ ನಡುವೆ 'ಓಟ್' ಎಂಬ ಧ್ವನಿಯಿದೆ. ಹೀಗಾಗಿ ಮೋಟೆಲ್ ಪದದ ಮೊದಲರ್ಧ ಇಡಿಯಾಗಿ ಮೋಟಾರಿನದೂ ಹೌದು, 'ಮ್' ಬಿಟ್ಟು ಉಳಿದದ್ದೆಲ್ಲ ಹೋಟೆಲಿನದೂ ಹೌದು. ಕತ್ತರಿ ಬಿದ್ದದ್ದು ಎಲ್ಲಿ ಎಂದು ಹೇಳಲೇ ಆಗದಂತೆ ಎರಡು ಪದಗಳು ಒಂದರ ಮೇಲೊಂದು ಕುಳಿತಿವೆ. ಇಂಥ ಹಂಚಿಕೆಯ ಧ್ವನಿಯಿದ್ದಾಗ ಊಹೆ ಅತಿ ಸುಲಭ. ಮೋಟಾರೂ ಹೋಟೆಲೂ ನಮ್ಮ ಆಡುಮಾತಿನಲ್ಲಿ ಬೆರೆತುಹೋಗಿರುವುದರಿಂದ, ಇಂಗ್ಲಿಷ್ ಓದದ ಕನ್ನಡಿಗನೂ ಮೋಟೆಲ್ ಪದವನ್ನು ಬಿಡಿಸಿಕೊಳ್ಳಬಲ್ಲ.

ಸ್ಮಾಗ್ ಪದಕ್ಕೆ ಕನ್ನಡದಲ್ಲಿ ಈ ಅದೃಷ್ಟವಿಲ್ಲ. ಇಂಗ್ಲಿಷ್ ಬರಹದಲ್ಲಿ ಸ್ಮೋಕ್, ಫಾಗ್ ಎರಡಕ್ಕೂ ನಡುವೆ ಇರುವುದು 'ಓ' ಎಂಬ ಒಂದೇ ಅಕ್ಷರ. ಉಚ್ಚಾರ ಬೇರೆಯಾದರೂ ಕಣ್ಣಿಗೆ ಎರಡೂ ಪದಗಳು ಅಲ್ಲಿ ಕೂಡುತ್ತವೆ. ನಮ್ಮ ಲಿಪಿ ಉಚ್ಚಾರವನ್ನು ಅನುಸರಿಸುವುದರಿಂದ ಒಂದು 'ಸ್ಮೋ' ಆಗುತ್ತದೆ, ಇನ್ನೊಂದು 'ಫಾ' ಆಗುತ್ತದೆ; ಕಣ್ಣಿಗಿದ್ದ ಸುಳಿವು ಅಳಿಸಿಹೋಗುತ್ತದೆ. ಮೇಲಾಗಿ ಹೋಟೆಲಿನಂತೆ ಫಾಗ್ ನಮ್ಮ ಮನೆಮಾತಾಗಿಲ್ಲ. ಇಂಗ್ಲಿಷಿನಲ್ಲಿ ತಾನಾಗಿ ತೆರೆದುಕೊಳ್ಳುವ ಪೆಟ್ಟಿಗೆ ಕನ್ನಡಕ್ಕೆ ಬರುವಷ್ಟರಲ್ಲಿ ಮುಚ್ಚಿದ ಡಬ್ಬಿಯಾಗಿರುತ್ತದೆ. ಇಂಗ್ಲಿಷಿನ ಬೆಸುಗೆ ಪದವನ್ನು ಹಾಗೆಯೇ ಎತ್ತಿ ತರುವಾಗ ಪದ ಬರುತ್ತದೆ, ಬೀಗದ ಕೈ ಅಲ್ಲೇ ಉಳಿಯುತ್ತದೆ ಎಂಬುದನ್ನು ನಮ್ಮ ಪತ್ರಿಕೆಗಳು ಗಮನಿಸಬೇಕು.

ಈ ಕ್ರಮಕ್ಕೂ ಮಿತಿಗಳಿವೆ. ಬಾಲ ಬಹಳ ಜನಪ್ರಿಯವಾದಾಗ ತಲೆಯ ಗುರುತು ಮಸುಕಾಗುತ್ತದೆ. ಹಾಲಿವುಡ್ ಎಂಬುದು ಒಂದು ಸ್ಥಳದ ಹೆಸರು. ಅದರ ಬಾಲಕ್ಕೆ ಬಾಂಬೆಯ ತಲೆ ಹಚ್ಚಿದ ಬಾಲಿವುಡ್ ಎಲ್ಲರಿಗೂ ಗೊತ್ತು. ಟಾಲಿವುಡ್ ಎಂದರೆ? ತೆಲುಗು ಎನ್ನುತ್ತೇವೆ ನಾವು. ಕೋಲ್ಕತ್ತದವರು ತಮ್ಮ ಚಿತ್ರೋದ್ಯಮದ ನೆಲೆಯಾದ ಟಾಲಿಗಂಜ್ ಎನ್ನುತ್ತಾರೆ. ಅವರ ಬಳಕೆಯೇ ಹಳೆಯದು. ಒಂದೇ ರೂಪ, ಎರಡು ಮೂಲಗಳು. ಎರಡೂ ವಿಗ್ರಹಗಳು ಅವರವರ ಸಂದರ್ಭದಲ್ಲಿ ಸರಿ. ಇನ್ನು ಸ್ಯಾಂಡಲ್‌ವುಡ್ ನೋಡಿ ಇದೂ ಅಂಥದೇ ಬೆಸುಗೆ ಎಂದು ಭಾವಿಸಿದರೆ ಎಡವಿದಂತೆ. ಅದು ಗಂಧದ ಮರಕ್ಕೆ ಇಂಗ್ಲಿಷಿನಲ್ಲಿ ಮೊದಲಿಂದ ಇರುವ ಇಡೀ ಸಮಾಸಪದ. ಗಂಧದ ನಾಡಿನ ಚಿತ್ರರಂಗಕ್ಕೆ ಅದು ಹೊಂದಿಕೊಂಡದ್ದು ಬಾಲದ ಹೋಲಿಕೆಯಿಂದ. ಕತ್ತರಿ ಅಲ್ಲಿ ಬಿದ್ದೇ ಇಲ್ಲ. ಯಾವುದೇ ಪದವನ್ನು ಬೆಸುಗೆ ಎಂದು ಬಿಡಿಸುವ ಮೊದಲು ಅದು ಈಗಾಗಲೇ ಇಡಿಯಾಗಿ ಬಳಕೆಯಲ್ಲಿದೆಯೇ ಎಂದು ನೋಡುವುದು ಒಳ್ಳೆಯದು.

ಇನ್ನೊಂದು ಮಿತಿ ಅರ್ಥಕ್ಕೆ ಸಂಬಂಧಿಸಿದ್ದು. ವಿಗ್ರಹ ತಿಳಿಸುವುದು ಪದದ ಹುಟ್ಟನ್ನೇ ಹೊರತು ಅದರ ಇಂದಿನ ಬಾಳನ್ನಲ್ಲ. 1952ರ ಡಿಸೆಂಬರಿನಲ್ಲಿ ಐದು ದಿನ ಲಂಡನ್ನನ್ನು ಮುಚ್ಚಿ ಸಾವಿರಾರು ಜನರ ಸಾವಿಗೆ ಕಾರಣವಾದ ಸ್ಮಾಗ್ ಅಕ್ಷರಶಃ ಹೊಗೆ ಮತ್ತು ಮಂಜಿನ ಕೂಡಿಕೆ. ಅದೇ ಕಾಲಕ್ಕೆ ಲಾಸ್ ಏಂಜಲಿಸ್‌ನ ಜನರ ಕಣ್ಣುರಿಸುತ್ತಿದ್ದ ಸ್ಮಾಗ್‌ನಲ್ಲಿ ಮಂಜೇ ಇರಲಿಲ್ಲ. ವಾಹನ ಮತ್ತು ತೈಲೋದ್ಯಮಗಳ ಅನಿಲಗಳ ಮೇಲೆ ಬಿಸಿಲು ಬಿದ್ದು ಓಝೋನ್ ಮೊದಲಾದವು ಹುಟ್ಟುತ್ತಿದ್ದವು. ಹೆಸರು ಮಾತ್ರ ಹಳೆಯದೇ ಉಳಿಯಿತು. ಮೂಲಪದಗಳನ್ನು ಕಂಡುಕೊಂಡವರು ಅರ್ಥವನ್ನೂ ಪೂರ್ತಿ ಕಂಡುಕೊಂಡೆವೆಂದು ನಿಲ್ಲಬಾರದು.

ಈಗ ನಮ್ಮ ಹೊಂಜಿಗೆ ಮರಳೋಣ. ಇದನ್ನು ರೂಪಿಸಿದ ಕಿವಿ ಸೂಕ್ಷ್ಮವಾದದ್ದು. ಹೊಗೆಯಿಂದ ತಲೆ, ಮಂಜಿನಿಂದ ಬಾಲ, ಕ್ರಮ ಸರಿಯಾಗಿದೆ. ಪ್ರಸ್ತಾರ ಹಾಕಿದರೆ ಮಂಜು ಒಂದು ಗುರು ಒಂದು ಲಘು, ಹೊಂಜೂ ಹಾಗೆಯೇ. ಎರಡನೆಯ ಪದದ ಅಳತೆ ಕೆಟ್ಟಿಲ್ಲ. ಆದರೆ ಒಂದು ಕಡೆ ಕನ್ನಡ ತನ್ನದೇ ದಾರಿ ಹಿಡಿದಿದೆ. ಇಂಗ್ಲಿಷಿನ ಕತ್ತರಿ ಸಾಮಾನ್ಯವಾಗಿ ಮೊದಲ ವ್ಯಂಜನಗಳಾದ ಕೂಡಲೇ, ಸ್ವರಕ್ಕೆ ಮುಂಚೆ ಬೀಳುತ್ತದೆ. ಸ್ವರ ಎರಡನೆಯ ಪದದ್ದು. ಅದಕ್ಕೇ ಅದು ಬ್ರಂಚ್ ಆಯಿತೇ ಹೊರತು, ಬ್ರೇಕ್‌ಫಾಸ್ಟಿನ ಸ್ವರವನ್ನೂ ಉಳಿಸಿಕೊಂಡು ಬ್ರೆಂಚ್ ಆಗಲಿಲ್ಲ. ಅಮೆರಿಕದ ಮೈಕೆಲ್ ಕೆಲ್ಲಿ 1998ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಈ ಬ್ರಂಚ್-ಬ್ರೆಂಚ್ ಪ್ರಶ್ನೆಯನ್ನೇ ಶೀರ್ಷಿಕೆಯಾಗಿ ಇಟ್ಟಿದ್ದರು. ಪದದ ಸಹಜ ಕೀಲುಗಳಿರುವಲ್ಲೇ ಬೆಸುಗೆ ಬೀಳುತ್ತದೆ ಎಂಬುದು ಅವರು ಕಂಡ ಸಂಗತಿ. ಆ ಲೆಕ್ಕದಲ್ಲಿ ಹೊಗೆಯ 'ಹ್' ಮಾತ್ರ ಉಳಿಸಿ ಮಂಜಿನ 'ಅಂಜು' ಸೇರಿಸಿದ್ದರೆ 'ಹಂಜು' ಆಗಬೇಕಿತ್ತು. ಅದನ್ನು ಕೇಳಿದವರಿಗೆ ನೂಲುವ ಹಂಜಿ ನೆನಪಾಗುತ್ತಿತ್ತೇ ವಿನಾ ಹೊಗೆಯಲ್ಲ. ಕನ್ನಡದಲ್ಲಿ ವ್ಯಂಜನವೂ ಸ್ವರವೂ ಒಂದೇ ಅಕ್ಷರವಾಗಿ ಅಂಟಿಕೊಂಡಿರುವುದರಿಂದ ನಮಗೆ ಸಹಜ ಕೀಲು ಇರುವುದು 'ಹೊ' ಆದಮೇಲೆ. ಹೊ ಇಡಿಯಾಗಿ ಉಳಿಯಿತು, ಮಂಜು ತನ್ನ 'ಮ'ವನ್ನು ಕಳೆದುಕೊಂಡು ಬಿಂದುವಿನೊಡನೆ ಬಂದು ಸೇರಿತು. ಇಂಗ್ಲಿಷರು ಬಿಟ್ಟ ಬ್ರೆಂಚಿನ ದಾರಿಯೇ ನಮಗೆ ಸರಿಯಾದ ದಾರಿ. ಕನ್ನಡದಲ್ಲಿ ಬೆಸುಗೆ ಪದ ಕಟ್ಟುವವರೂ ಬಿಡಿಸುವವರೂ ಇದನ್ನು ನೆನಪಿಟ್ಟರೆ ಸಾಕಷ್ಟು ಉಪಯೋಗವಾದೀತು.

ಇಷ್ಟೆಲ್ಲ ಗುಣವಿದ್ದೂ ಹೊಂಜಿಗೆ ಒಂದು ತೊಡಕಿದೆ. 'ಹೊಂ' ಎಂಬ ತಲೆಯನ್ನು ಕನ್ನಡಿಗರು ಶತಮಾನಗಳಿಂದ ಬಲ್ಲರು. ಅದು ಹೊಗೆಯದ್ದಲ್ಲ, ಹೊನ್ನಿನದು. ಹೊಂಬಣ್ಣ, ಹೊಂಬಿಸಿಲು, ಹೊಂಗನಸುಗಳಲ್ಲಿ ಬೆಳೆದ ಕಿವಿ ಹೊಂಜು ಎಂದ ಕೂಡಲೇ ಬಂಗಾರದ ಕಡೆ ತಿರುಗಿದರೆ ತಪ್ಪೆನ್ನಲಾಗದು. ಮುಂಜಾನೆಯ ಬಿಸಿಲಿನಲ್ಲಿ ಮಿನುಗುವ ಹೊನ್ನಿನ ಮಂಜು ಎಂದು ಒಬ್ಬ ಓದುಗ ಊಹಿಸಿದರೆ, ಕ್ರಮದ ಪ್ರಕಾರ ಆ ಊಹೆಯಲ್ಲಿ ದೋಷವಿಲ್ಲ. ಎರಡೂ ಮೂಲಗಳು ಒಂದೇ ಲೋಕಕ್ಕೆ ಸೇರುತ್ತವೆ, ಅರ್ಥವೂ ಸೊಗಸಾಗಿ ಕೂಡುತ್ತದೆ. ಉಸಿರುಗಟ್ಟಿಸುವ ವಿಷಗಾಳಿಗೆ ಹೀಗೆ ಕವಿಸಮಯದ ಹೆಸರು ಅಂಟಿದರೆ ಅದು ಸಣ್ಣ ಎಡವಟ್ಟಲ್ಲ. ಜೊತೆಗೆ ಅಚ್ಚಿನಲ್ಲಿ 'ಜು' ಒಮ್ಮೆ 'ಚು' ಆದರೆ ದೆಹಲಿಯಲ್ಲಿ ಹೊಂಚು ಎಂದಾಗಿ ಅಪರಾಧ ಸುದ್ದಿಯ ಪುಟಕ್ಕೆ ಹೋದೀತು!

ಹಾಗೆಂದು ಹೊಂಜನ್ನು ಕೈಬಿಡಬೇಕೆಂದು ಹೇಳುತ್ತಿಲ್ಲ. ಬಳಸುವ ಜಾಗವನ್ನು ವಿವೇಚಿಸಬೇಕು. ಬೆಸುಗೆ ಪದದಲ್ಲಿ ಬರೆಯುವವನಿಗೆ ಆಗುವ ಉಳಿತಾಯದ ಬೆಲೆಯನ್ನು ಓದುವವನು ಊಹೆಯ ಶ್ರಮದ ರೂಪದಲ್ಲಿ ತೆರುತ್ತಾನೆ. ಹೊಗೆಮಂಜು ನಾಲ್ಕು ಅಕ್ಷರ, ಹೊಂಜು ಎರಡು. ಶೀರ್ಷಿಕೆಯ ಇಕ್ಕಟ್ಟಿನಲ್ಲಿ ಎರಡು ಅಕ್ಷರಗಳ ಉಳಿತಾಯಕ್ಕೆ ಬೆಲೆಯುಂಟು. ಕೆಳಗೆ ಸುದ್ದಿಯ ಮೊದಲ ಸಾಲಿನಲ್ಲೇ ಹೊಗೆಮಂಜು ಎಂದು ಬಂದರೆ ಓದುಗನಿಗೆ ಬೀಗದ ಕೈಯೂ ಸಿಕ್ಕಂತಾಯಿತು. ನಾಲ್ಕಾರು ಚಳಿಗಾಲ ಹೀಗೆ ಜೊತೆಜೊತೆಯಾಗಿ ಕಂಡರೆ ಹೊಂಜು ತನ್ನ ಕಾಲ ಮೇಲೆ ನಿಂತೀತು. ಆದರೆ ವೃದ್ಧರೂ ಮಕ್ಕಳೂ ಹೊರಗೆ ಹೋಗಬಾರದೆಂದು ಸರ್ಕಾರವೋ ವೈದ್ಯರೋ ಕೊಡುವ ಎಚ್ಚರಿಕೆಯಲ್ಲಿ, ಶಾಲೆಯ ಸುತ್ತೋಲೆಯಲ್ಲಿ, ಔಷಧದ ಸೂಚನೆಯಲ್ಲಿ ಊಹೆಗೆ ಅವಕಾಶವೇ ಇರಬಾರದು. ಅಲ್ಲಿ ಸ್ಮಾಗ್ ಬೇಡ, ಹೊಂಜೂ ಬೇಡ, ಹೊಗೆಮಂಜೇ ಇರಲಿ.

ನಾಳೆ ಇನ್ನೊಂದು ಇಂಗ್ಲಿಷ್ ಬೆಸುಗೆ ಪದ ಸುದ್ದಿಮನೆಯ ಮೇಜಿಗೆ ಬರುತ್ತದೆ, ಅದಕ್ಕೊಂದು ಕನ್ನಡ ಬೆಸುಗೆಯನ್ನೂ ಯಾರೋ ಹೊಸೆಯುತ್ತಾರೆ. ಅಚ್ಚಿಗೆ ಕಳಿಸುವ ಮೊದಲು ಸುಲಭವಾದ ಒಂದು ಪರೀಕ್ಷೆ ಸಾಧ್ಯ. ಆ ಪದವನ್ನು ಒಂದು ವಾಕ್ಯದಲ್ಲಿಟ್ಟು, ಅದರ ಹುಟ್ಟು ತಿಳಿಯದ ನಾಲ್ವರಿಗೆ ಕೊಟ್ಟು ಎರಡು ಮೂಲಪದಗಳನ್ನು ಹೇಳಿಸಬೇಕು. ಮೂವರಾದರೂ ಸರಿಯಾಗಿ ಹೇಳಿದರೆ ಪದ ಬದುಕಲು ಯೋಗ್ಯ. ಹೇಳದಿದ್ದರೆ, ಅಥವಾ ಹೊಗೆಯ ಜಾಗದಲ್ಲಿ ಹೊನ್ನು ಕಂಡರೆ, ತಪ್ಪು ಅವರದಲ್ಲ. ಎರಡು ಪದಗಳನ್ನು ಪೂರ್ತಿಯಾಗಿ ಬರೆಯುವ ಸೌಜನ್ಯವನ್ನು ಬರೆಯುವವರೇ ತೋರಬೇಕು.